ಬಲಮಗ್ಗುಲು

|| ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ ||

ಕೋಗಳಿ
12-7-1998

ಲೇ ಜೈತೂನ್,

ನಾವೆಲ್ಲ ನೆಟ್ಟಗಿದ್ದೇವೆ, ನೀವೂ ಹಾಗೇ ಇರಬೇಕು. ಇಷ್ಟು ಸಾಕಲ್ಲ, ಕ್ಷೇಮ ಸಮಾಚಾರ? ಈಗ ನಿನ್ನ ಮೇಲಿನ ತಕರಾರಿಗೆ ಬರುತ್ತೇನೆ.

ವಾರವಿಡೀ ಸ್ಕೂಲಿಗೆಂದು ನಿಮ್ಮ ಮನೆಯಲ್ಲಿದ್ದು, ಶನಿವಾರ ನನ್ನ ಮಗಳು ಹರಪನಹಳ್ಳಿ ಬಸ್ಸಿನಿಂದ ಇಳಿದಳು. ರಾತ್ರಿ ಹಾಸಿಗೆ ಹಾಸಿಕೊಟ್ಟೆ. ಮಲಗುವುದು ಬಿಟ್ಟು ಲಂಗದ ಅಂಚನ್ನು ಒಳಮಗ್ಗುಲಾಗಿ ಹಿಡಿದು ಹಾಸಿಗೆಯನ್ನು ಮೂರು ಸಲ ಕೊಡವಿದಳು. ಆಮೇಲೆ ಬಲಕ್ಕೆ ಹೊರಳಿ, ಬಲಗೈಯನ್ನು ಕೆನ್ನೆ ಕೆಳಗಿಟ್ಟುಕೊಂಡು ಏನೋ ಮಣಮಣ ಅಂದಳು. ಎಂಟು ವರ್ಷದ ಹುಡುಗಿ ಮುದುಕಿಯಂತೆ! ‘ಏನವ್ವ ಚೈತ್ರಾ ಅದು?’ ಅಂದರೆ, ನಿನ್ನ ಮಗಳ ಮೇಲೆ ಹಾಕಿ, ‘ಮುಬೀನಾ ಮಾಡ್ತಾಳಬೇ, ನಾನೂ ಮಾಡ್ತೀನಿ. ಹಾಸಿಗ್ಯಾಗ ಹುಳ ಇದ್ರ ಹೋಗ್ತೈತಿ’ ಅಂದಳು. ತಮ್ಮ ಪ್ರವೀಣನ ಹಾಸಿಗೆಯನ್ನೂ ಕೊಡವಿದಳು. ಅವನು ಮೂರು ವರ್ಷದವನು, ಅದನ್ನು ಆಟ ಅಂದುಕೊಂಡು ಮತ್ತೆ ಮತ್ತೆ ಮಾಡಿಸಿದ.

ನಮ್ಮ ಯಜಮಾನರು ನಕ್ಕರು. ಅತ್ತೆ ನಾಗಲಿಂಗಮ್ಮನವರು ನಗಲಿಲ್ಲ. ಅವರು ಬಾಗಿಲಲ್ಲಿ ನಿಂತು ನೋಡಿದ್ದು ಗೊತ್ತಾಗಿದ್ದರೆ ನಾನೂ ಅಷ್ಟು ಜೋರಾಗಿ ನಗುತ್ತಿರಲಿಲ್ಲ.

ಹೇಳೇ, ಏನದು? ಚಿಕ್ಕಂದಿನಲ್ಲಿ ಕೊಟ್ಟೂರಲ್ಲಿ ನಿಮ್ಮಜ್ಜಿ, ನಾನಿ, ಹೀಗೇ ಸೆರಗಿನಿಂದ ಹಾಸಿಗೆ ಕೊಡವುತ್ತಿದ್ದದ್ದು ನೆನಪಿದೆ. ಅರ್ಥ ಕೇಳುವಷ್ಟು ವ್ಯವಧಾನ ನಮಗಿಬ್ಬರಿಗೂ ಆಗ ಎಲ್ಲಿತ್ತು.

ಅಲ್ಲಿ ಊಟಕ್ಕೆ ಗೊತ್ತು ಮಾಡಿದ, ನಮ್ಮವರೇ ಆದ ಪಾಲಮ್ಮನ ಮನೆಯ ಅಡುಗೆ ಮಗಳಿಗೆ ಹಿಡಿಸಿದೆ. ನಿದ್ದೆ ಮಾತ್ರ ನಿಮ್ಮ ಮನೆಯದೇ ಚೆಂದವಂತೆ.

ನಿನ್ನ
ಭಾಗ್ಯ


786

ಹರಪನಹಳ್ಳಿ
20-7-1998

ಪ್ರೀತಿಯ ಭಾಗ್ಯಾ,

ಕಾಗದ ಓದಿ ನಕ್ಕು ನಕ್ಕು ಸಾಕಾಯಿತು. ಆಣೆ ಮಾಡಿ ಹೇಳುತ್ತೇನೆ, ನಾನು ಕಲಿಸಿದ್ದಲ್ಲ. ಎರಡೂ ಮಕ್ಕಳು ಅಕ್ಕಪಕ್ಕ ಮಲಗುತ್ತವೆ. ಒಂದು ಆಕಳಿಸಿದರೆ ಇನ್ನೊಂದು ಆಕಳಿಸುತ್ತದೆ, ಹಾಗೆ ಬಂದದ್ದು.

ಕೇಳಿದ್ದೀಯಲ್ಲ, ಹೇಳುತ್ತೇನೆ. ಮಲಗುವ ಮುಂಚೆ ನಾವು ನಮಾಜಿಗೆ ಮಾಡುವಂತೆ ವಜೂ ಮಾಡುತ್ತೇವೆ. ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ತೊಳೆದು, ತಲೆ ಒದ್ದೆಗೈಯಿಂದ ಸವರಿ, ಕಾಲು ತೊಳೆಯುವುದು. ಬಿಸ್ಮಿಲ್ಲಾ ಅಂದು ಬಾಗಿಲು ಹಾಕಬೇಕು, ನೀರಿನ ಪಾತ್ರೆ ಮುಚ್ಚಬೇಕು, ದೀಪ ಆರಿಸಬೇಕು. ಆಮೇಲೆ ಉಟ್ಟ ಬಟ್ಟೆಯ ಒಳಅಂಚಿನಿಂದ ಹಾಸಿಗೆ ಕೊಡವುವುದು. ಯಾಕೆಂದರೆ, ನಾವು ಎದ್ದು ಹೋದ ಮೇಲೆ ಅಲ್ಲಿಗೆ ಏನು ಬಂದು ಸೇರಿದೆಯೋ ನಮಗೆ ಗೊತ್ತಿಲ್ಲ. ಪೈಗಂಬರರು ಹೇಳಿದ ಮಾತೇ ಇದು, ಹದೀಸಿನಲ್ಲಿದೆ. ನಮ್ಮ ಮನೆ ಜೋಳದ ಗೋದಾಮಿನ ಬೆನ್ನಿಗೇ ಇರುವುದರಿಂದ ನನಗಂತೂ ಇದು ಬಹಳ ಅಗತ್ಯದ ಧರ್ಮ. ಗೋದಾಮಿನ ಇಲಿಗಳೆಲ್ಲ ನಮ್ಮ ನೆಂಟರು.

ಆಮೇಲೆ ಬಲಮಗ್ಗುಲಿಗೆ ಮಲಗಿ, ಬಲಗೈ ಕೆನ್ನೆ ಕೆಳಗಿಟ್ಟು ಹೇಳುವ ದುವಾ ಹೀಗಿದೆ: ‘ಬಿಸ್ಮಿಕ ರಬ್ಬೀ ವಜಅತು ಜಂಬೀ, ವ ಬಿಕ ಅರ್ಫಉಹು. ಫ ಇನ್ ಅಮ್ಸಕ್ತ ನಫ್ಸೀ ಫರ್ಹಮ್‌ಹಾ, ವ ಇನ್ ಅರ್ಸಲ್ತಹಾ ಫಹ್‌ಫಜ್‌ಹಾ ಬಿಮಾ ತಹ್‌ಫಜು ಬಿಹೀ ಇಬಾದಕಸ್ಸಾಲಿಹೀನ್.’ ನನಗೆ ತಿಳಿದಂತೆ ಅರ್ಥ: ನನ್ನ ಒಡೆಯನೇ, ನಿನ್ನ ಹೆಸರಲ್ಲಿ ನನ್ನ ಮಗ್ಗುಲನ್ನು ಇಳಿಸಿದ್ದೇನೆ, ನಿನ್ನಿಂದಲೇ ಎತ್ತುತ್ತೇನೆ. ನನ್ನ ಜೀವವನ್ನು ನೀನು ಇಟ್ಟುಕೊಂಡರೆ ಅದಕ್ಕೆ ಕರುಣೆ ತೋರು. ಕಳಿಸಿಕೊಟ್ಟರೆ, ನಿನ್ನ ಒಳ್ಳೆಯ ದಾಸರನ್ನು ಕಾಪಾಡುವಂತೆ ಕಾಪಾಡು. ನಿದ್ದೆಯಲ್ಲಿ ಜೀವ ಅವನ ಕೈಗೆ ಹೋಗುತ್ತದೆಂದು ಕುರಾನಿನಲ್ಲಿದೆ. ಕೆಲವರದನ್ನು ಇಟ್ಟುಕೊಳ್ಳುತ್ತಾನೆ, ಉಳಿದವರದನ್ನು ಬೆಳಗ್ಗೆ ಕಳಿಸುತ್ತಾನೆ.

ಇಷ್ಟುದ್ದ ಬಾರದ ಮಕ್ಕಳಿಗೆ ಚಿಕ್ಕದೊಂದಿದೆ: ‘ಅಲ್ಲಾಹುಮ್ಮ ಬಿಸ್ಮಿಕ ಅಮೂತು ವ ಅಹ್ಯಾ.’ ದೇವರೇ, ನಿನ್ನ ಹೆಸರಲ್ಲೇ ಸಾಯುತ್ತೇನೆ, ಬದುಕುತ್ತೇನೆ. ನಿನ್ನ ಮಗಳ ಮಣಮಣ ಇದೇ. ಎದ್ದ ಮೇಲೆ, ಸಾಯಿಸಿ ಮತ್ತೆ ಬದುಕಿಸಿದವನಿಗೆ ಸ್ತುತಿ ಅನ್ನಬೇಕು. ಅದನ್ನು ಇಬ್ಬರೂ ಮರೆಯುತ್ತಾರೆ. ಸ್ಕೂಲಿಗೆ ಹೊತ್ತಾಯಿತೆಂಬ ಗದ್ದಲದಲ್ಲಿ ಸ್ತುತಿ ಯಾರಿಗೆ ಬೇಕು.

ಮಕ್ಕಳಿಗೆಂದು ನಾನು ಓದುವುದು ಒಂದೇ. ಎರಡು ಅಂಗೈ ಜೋಡಿಸಿ, ಕುರಾನಿನ ಕೊನೆಯ ಮೂರು ಸಣ್ಣ ಸೂರಾಗಳನ್ನು, ಅಂದರೆ ಅಧ್ಯಾಯಗಳನ್ನು, ಓದಿ, ಅಂಗೈಗೆ ಊದಿ, ತಲೆಯಿಂದ ಮುಖ, ಮುಖದಿಂದ ಮೈಗೆ ಕೈ ಮುಟ್ಟುವಷ್ಟು ಸವರಿಕೊಳ್ಳುವುದು, ಮೂರು ಸಲ. ಮುಬೀನಾಗೆ ಸವರಿದ ಕೈ ನಿನ್ನ ಮಗಳ ತಲೆಗೂ ಹೋಗುತ್ತದೆ. ಬೇಡವೆಂದರೆ ಬಿಡುತ್ತೇನೆ. ಆದರೆ ಕೈ ಕೇಳುವುದಿಲ್ಲ ಕಣೇ.

ಎಲ್ಲ ಮುಗಿದ ಮೇಲೆ ನಾನಿ ಒಂದು ಮಾತು ಹೇಳುತ್ತಿದ್ದಳು, ನಿನಗೂ ಹೇಳಿದ್ದಾಳೆ. ಸ್ವರ್ಗದವನೆಂದು ಪೈಗಂಬರರು ತೋರಿಸಿದ ಒಬ್ಬನ ಮನೆಯಲ್ಲಿ ಇನ್ನೊಬ್ಬ ಮೂರು ರಾತ್ರಿ ತಂಗಿ ನೋಡಿದನಂತೆ. ದೊಡ್ಡ ಪ್ರಾರ್ಥನೆ ಏನೂ ಕಾಣಲಿಲ್ಲ. ಆ ಮನುಷ್ಯ ಯಾರ ಮೇಲೂ ಸಿಟ್ಟು, ಹೊಟ್ಟೆಕಿಚ್ಚು ಇಟ್ಟುಕೊಂಡು ಮಲಗುತ್ತಿರಲಿಲ್ಲ, ಅಷ್ಟೇ. ‘ಹಾಸಿಗಿ ಕೊಡವಿದಂಗ ಎದಿನೂ ಕೊಡವಿ ಮಕ್ಕೋರಿ’ ಎನ್ನುತ್ತಿದ್ದಳು.

ನಿನ್ನ ಅತ್ತೆಯವರಿಗೆ ನನ್ನ ಸಲಾಮು, ಅಲ್ಲ, ಶರಣು.

ಜೈತೂನ್


|| ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ ||

ಕೋಗಳಿ
9-8-1998

ಜೈತೂನಬಿ ಅವರಿಗೆ,

ಕ್ಷೇಮ. ನಿಮ್ಮ ಕಾಗದ ತಲುಪಿತು, ಮನೆಯಲ್ಲಿ ಎಲ್ಲರೂ ಓದಿಸಿ ಕೇಳಿದರು. ಅದರಲ್ಲಿ ಬರೆದದ್ದು ನಿಮ್ಮವರಿಗೆ ಸರಿ. ನಮ್ಮ ಹುಡುಗಿ ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು. ಮಲಗುವಾಗ ನಿಮ್ಮ ಪದ್ಧತಿ ಯಾವುದನ್ನೂ ಅವಳಿಂದ ಮಾಡಿಸಬಾರದು, ಅವಳಿಗೂ ಮಾಡಬಾರದು. ಒಪ್ಪಿಗೆಯಿಲ್ಲದಿದ್ದರೆ ತಿಳಿಸಿ, ಸ್ಕೂಲು ಬಿಡಿಸುತ್ತೇವೆ. ಅವಳಿಗೂ ಹೇಳಿ ಕಳಿಸಿದ್ದೇವೆ.

ಇತಿ
ಭಾಗ್ಯಮ್ಮ


ಹರಪನಹಳ್ಳಿ
14-8-1998

ಭಾಗ್ಯಮ್ಮನವರಿಗೆ,

ಆಗಲಿ. ನೀವು ಹೇಳಿದಂತೆಯೇ ನಡೆಯುತ್ತದೆ. ಹುಡುಗಿಯ ಸ್ಕೂಲು ಬಿಡಿಸಬೇಡಿ.

ಜೈತೂನಬಿ


ಕೋಗಳಿ
22-11-1998

ಜೈತೂನ್,

ಮೇಲೆ ಕೊಟ್ಟೂರೇಶನ ಹೆಸರು ಬರೆಯಲಿಲ್ಲ. ಕೈ ಬರಲಿಲ್ಲ.

ಚೈತ್ರಾ ಹೋಗಿ ಎರಡು ತಿಂಗಳಾಯಿತು. ನೀನು ಮಣ್ಣಿಗೆ ಬಂದವಳು ಹೊಲದ ಬದುವಿನಲ್ಲೇ ನಿಂತು ಹೋದೆ. ನಾನು ಕರೆಯಲಿಲ್ಲ. ಕರೆಯಬಾರದೆಂದಲ್ಲ, ಆ ದಿನ ನನಗೆ ಯಾರೂ ಕಾಣಿಸುತ್ತಿರಲಿಲ್ಲ.

ಎಲ್ಲ ಬೇರೆಯವರ ಬಾಯಿಂದ ಕೇಳಿದ್ದು. ಸೋಮವಾರ ಮುಂಜಾನೆ ನಾನೇ ಬಸ್ಸಿಗೆ ಹತ್ತಿಸಿದ್ದೆ. ಆ ರಾತ್ರಿ ಕಳೆದು ಬೆಳಗಾಗುವಾಗ ಹೊಟ್ಟೆ ನೋವೆಂದು ಎದ್ದಳಂತೆ. ರೆಪ್ಪೆ ಮೇಲೇಳುತ್ತಿರಲಿಲ್ಲವಂತೆ. ನಿದ್ದೆಗಣ್ಣು ಎಂದುಕೊಂಡಿರಂತೆ. ನಿಮ್ಮ ಯಜಮಾನರು ದಾದಾಪೀರ್ ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದರಂತೆ. ದಾವಣಗೆರೆಗೆ ಒಯ್ಯುವ ದಾರಿಯಲ್ಲೇ ಉಸಿರು ನಿಂತಿತು. ಕರಿ ಮೈ ಮೇಲೆ ಬಿಳಿ ಪಟ್ಟಿಯ ಸಣ್ಣ ಹಾವು, ಅವಳು ಹಾಸಿಕೊಳ್ಳುವ ಕೌದಿಯ ಮಡಿಕೆಯಲ್ಲೇ ಇತ್ತಂತೆ. ಶನಿವಾರ ಮಡಿಸಿಟ್ಟು ಬಂದ ಕೌದಿ. ಅದು ಕಚ್ಚಿದರೆ ಚುರುಕ್ ಎಂದೂ ಅನ್ನಿಸುವುದಿಲ್ಲವೆಂದು ಡಾಕ್ಟರು ಹೇಳಿದರು. ಅದೊಂದೇ ಸಮಾಧಾನ.

ನಮ್ಮಲ್ಲಿ ಕೂರಿಸಿ ಮಣ್ಣು ಕೊಡುತ್ತಾರೆ, ನಿನಗೆ ಗೊತ್ತಲ್ಲ. ಕೂರಿಸಿದಾಗ ಕೂಗಿಬಿಡಬೇಕು ಅನ್ನಿಸಿತು, ಅವಳಿಗೆ ಬಲಮಗ್ಗುಲಿಗೆ ಮಲಗಿದರೇನೇ ನಿದ್ದೆ ಬರುವುದು, ಕೈ ಕೆನ್ನೆ ಕೆಳಗಿರಬೇಕು ಅಂತ. ಯಾರಿಗೆ ಹೇಳುವುದು.

ಆಗಸ್ಟಿನ ಆ ಕಾಗದ ನನ್ನದೇ ಕೈ. ಅತ್ತೆ ಎದುರಿಗೆ ಕೂತು ಒಂದೊಂದು ಸಾಲೂ ಓದಿಸಿ ಕೇಳಿದರು. ಆದರೂ ಕೈ ನನ್ನದೇ. ಒಂದು ಕೇಳುತ್ತೇನೆ, ಇಲ್ಲವೆನ್ನಬೇಡ. ನೀನು ಚಿಕ್ಕಂದಿನಿಂದಲೂ ಹೇಳಿದ ಮಾತು ಕೇಳುವವಳಲ್ಲ. ಆ ಕಾಗದವನ್ನೂ ಕೇಳಿರಲಿಕ್ಕಿಲ್ಲ ಅಲ್ಲವೇ? ಆ ರಾತ್ರಿ ಅವಳ ತಲೆಗೆ ನಿನ್ನ ಕೈ ಹೋಗಿತ್ತಲ್ಲವೇ? ಅವಳು ಯಾರೂ ಏನೂ ಅನ್ನದೆ, ಯಾವ ದೇವರ ಕೈಗೂ ಕೊಡದೆ ಮಲಗಿದಳು ಎಂಬುದನ್ನು ನನ್ನಿಂದ ತಡೆಯಲು ಆಗುತ್ತಿಲ್ಲ.

ಭಾಗ್ಯ


ಹರಪನಹಳ್ಳಿ
30-11-1998

ಭಾಗ್ಯಾ,

ಹೌದು. ಎಲ್ಲ ಮಾಡಿದ್ದೆ. ಕೊಡವಿದ್ದೆ, ಓದಿದ್ದೆ, ಊದಿದ್ದೆ. ನಿನ್ನ ಮಾತು ಕೇಳಿರಲಿಲ್ಲ. ನೀನು ನಿದ್ದೆ ಮಾಡು.

ಜೈತೂನ್


ಕೋಗಳಿ
17-1-1999

ಜೈತೂನ್,

ನಿನ್ನ ನಾಲ್ಕು ಸಾಲು ಬಂದ ದಿನ ನಿದ್ದೆ ಮಾಡಿದೆ. ಮಧ್ಯಾಹ್ನದವರೆಗೆ ಎದ್ದಿರಲಿಲ್ಲ. ನಿನಗೆ ಪುಣ್ಯ ಬರಲಿ ಎಂದುಕೊಂಡೆ.

ಆದರೆ ಮನಸ್ಸು ಸುಮ್ಮನಿರುತ್ತದೆಯೇ? ಮೂರು ಸಲ ಕೊಡವಿದ ಹಾಸಿಗೆಯಲ್ಲಿ ಹಾವು ಉಳಿದದ್ದು ಹೇಗೆ? ಯಜಮಾನರನ್ನು ಕೇಳಿದೆ. ‘ಸುಮ್ನ ಮಲಗಿದ್ದನ್ನ ಕೆಣಕಿರ್ತಾರ. ಕೊಡವಿದ್ದಕ್ಕ ಸಿಟ್ಟಾಗಿ ಮಡಿಕ್ಯಾಗ ಹೊಕ್ಕೈತಿ, ಮತ್ತ ಕಡದೈತಿ’ ಅಂದರು. ಅತ್ತೆ ಹೇಳಿದ್ದು ಬೇರೆ: ‘ಅವ್ರ ಮಂತ್ರಕ್ಕೂ ಕಸುವಿಲ್ಲ, ನಮ್ಮ ಲಿಂಗಪ್ಪನೂ ಕಣ್ಣು ತೆರೀಲಿಲ್ಲ. ಬಿಡು.’

ನನಗೆ ಯಜಮಾನರ ಮಾತೇ ಸರಿ ಅನ್ನಿಸಿದೆ. ಪ್ರವೀಣ ಈಗಲೂ ‘ಅಕ್ಕ ಮಾಡ್ತಿದ್ಲು’ ಎಂದು ಹಾಸಿಗೆ ಕೊಡವಲು ಹೋಗುತ್ತಾನೆ. ನಿನ್ನೆ ಅವನ ಕೈ ಮೇಲೆ ಹೊಡೆದೆ. ಇನ್ನು ಮೇಲೆ ಈ ಮನೆಯಲ್ಲಿ ಯಾರೂ ಹಾಸಿಗೆ ಕೊಡವಬಾರದು, ಇದ್ದದ್ದು ಇದ್ದಲ್ಲೇ ಇರಲಿ ಎಂದು ಹೇಳಿಬಿಟ್ಟಿದ್ದೇನೆ. ನಿನ್ನ ತಪ್ಪೆನ್ನುತ್ತಿಲ್ಲ. ಒಳ್ಳೆಯದಕ್ಕೆಂದೇ ಮಾಡಿದೆ. ಆದರೆ ಮುಬೀನಾಳ ಹಾಸಿಗೆಯನ್ನೂ ಕೊಡವಬೇಡ, ನನ್ನ ಮಾತು ಕೇಳು.

ಭಾಗ್ಯ


ಹರಪನಹಳ್ಳಿ
2-2-1999

ಭಾಗ್ಯಾ,

ಈ ಕಾಗದವನ್ನು ಒಬ್ಬಳೇ ಕೂತು ಓದು. ಓದಿ ಏನು ಬೇಕಾದರೂ ಅನ್ನು. ಆದರೆ ಮೊದಲು ಇದೊಂದು ಮಾಡು. ಇವತ್ತೇ ಪ್ರವೀಣನ ಹಾಸಿಗೆ ಬಿಚ್ಚಿ, ಮಡಿಕೆ ಮಡಿಕೆಯೂ ಕೊಡವು. ಮತ್ತೆ ದಿನಾಲೂ ಕೊಡವು. ಅದು ಯಾವ ಧರ್ಮದ್ದೂ ಆಗಬೇಕಿಲ್ಲ.

ನಾನು ನಿನಗೆ ಸುಳ್ಳು ಬರೆದೆ. ಆ ರಾತ್ರಿ ಚೈತ್ರಾಳ ಹಾಸಿಗೆಯನ್ನು ಯಾರೂ ಕೊಡವಲಿಲ್ಲ.

ನಿನ್ನ ಆಗಸ್ಟ್ ಕಾಗದ ಬಂದ ದಿನದಿಂದ ನಾನು ಎಲ್ಲ ಬಿಟ್ಟೆ. ನೀನು ‘ಯಾವುದನ್ನೂ’ ಎಂದು ಬರೆದಿದ್ದೆ. ಯಾವುದನ್ನೂ ಎಂದರೆ ಯಾವುದನ್ನೂ ಎಂದು ಹಿಡಿದೆ. ಕೊಡವುವುದು ಹುಳುವಿಗೆ, ಓದುವುದು ದೇವರಿಗೆ ಎಂದು ಬೇರೆ ಮಾಡಿ ನೋಡುವಷ್ಟು ಬುದ್ಧಿ ನನಗಿತ್ತು, ಭಾಗ್ಯಾ. ಮಾಡಲಿಲ್ಲ. ಇಪ್ಪತ್ತು ವರ್ಷದ ಗೆಳತಿ ‘ಜೈತೂನಬಿ ಅವರಿಗೆ’ ಎಂದು ಬರೆದಳಲ್ಲ, ಅವಳು ಹೇಳಿದ್ದನ್ನು ಅಕ್ಷರ ಬಿಡದೆ ಮಾಡಿ ತೋರಿಸುತ್ತೇನೆ ಎಂದುಕೊಂಡೆ. ಮಾತು ಉಳಿಸಿಕೊಂಡೆನೋ, ಸಿಟ್ಟು ತೀರಿಸಿಕೊಂಡೆನೋ, ನನಗೇ ಬಿಡಿಸಲಾಗುತ್ತಿಲ್ಲ. ಎದೆ ಕೊಡವಿ ಮಲಗಿ ಎಂದು ನಾನಿ ಹೇಳುತ್ತಿದ್ದಳಲ್ಲ, ಆ ದಿನಗಳಲ್ಲಿ ನಾನು ಒಂದು ರಾತ್ರಿಯೂ ಹಾಗೆ ಮಲಗಲಿಲ್ಲ.

ಇನ್ನೂ ಇದೆ. ಇದನ್ನು ದಾದಾಪೀರ್‌ಗೂ ಹೇಳಿಲ್ಲ. ಆ ಸೋಮವಾರ ಮುಬೀನಾಳ ಹಾಸಿಗೆಯನ್ನು ನಾನು ಸೆರಗಿನಿಂದ ಕೊಡವುತ್ತಿದ್ದೆ. ಪಕ್ಕದಲ್ಲಿ ಚೈತ್ರಾ ಮೂಲೆಯಿಂದ ತನ್ನ ಕೌದಿ ಎಳೆದು ಹಾಸಿಕೊಂಡಳು, ಮರೆತು ಲಂಗದ ಅಂಚು ಹಿಡಿದಳು. ನಾನು ಅವಳ ಕೈ ಹಿಡಿದುಬಿಟ್ಟೆ. ‘ಬ್ಯಾಡವ್ವ, ನಿಮ್ಮವ್ವ ಬ್ಯಾಡಂದಾಳ. ಸುಮ್ನ ಮಕ್ಕೋ’ ಅಂದೆ. ಅವಳು ನನ್ನ ಮುಖ ನೋಡಿ, ‘ಮತ್ತ ಹುಳ ಬಂದಿದ್ರ, ಚಿಗವ್ವ?’ ಅಂದಳು. ‘ಏನೂ ಬರಂಗಿಲ್ಲ’ ಅಂದೆ.

ಸುಮ್ಮನೆ ಮಲಗಿದಳು. ಬಲಮಗ್ಗುಲಿಗೇ ಮಲಗಿದಳು, ಕೈ ಕೆನ್ನೆಯ ಕೆಳಗಿತ್ತು. ಅದನ್ನು ಬಿಡಿಸಲು ನಾನು ಹೋಗಲಿಲ್ಲ. ತುಟಿ ಅಲುಗಿದ್ದು ಕಂಡಿತು. ನಿಮ್ಮ ದೇವರ ಹೆಸರೋ, ನಮ್ಮ ಚಿಕ್ಕ ದುವಾವೋ ಕೇಳಿಸಲಿಲ್ಲ. ಇಷ್ಟು ಮಾತ್ರ ನಿಜ, ಈ ಸಲ ನಿನ್ನ ಸಮಾಧಾನಕ್ಕೆಂದು ಬರೆಯುತ್ತಿಲ್ಲ. ಅವಳು ತನ್ನನ್ನು ತಾನೇ ಯಾರದೋ ಕೈಗೆ ಕೊಟ್ಟುಕೊಂಡು ಮಲಗಿದಳು.

ಸುಳ್ಳು ಯಾಕೆ ಬರೆದೆ ಎಂದರೆ, ನೀನು ಹೌದೆನ್ನು ಎಂದು ಬೇಡಿಕೊಂಡೆ. ಈಗ ಆ ಸುಳ್ಳು ನಿನ್ನ ಇನ್ನೊಂದು ಮಗುವಿನ ಹಾಸಿಗೆಗೆ ಬಂದು ಕೂತಿತು. ಪ್ರವೀಣನ ಕೈ ಮೇಲೆ ಹೊಡೆದೆ ಎಂದು ಓದಿದಾಗ ನಾನು ಹಿಡಿದ ಆ ಸಣ್ಣ ಕೈ ನೆನಪಾಯಿತು.

ಮಂತ್ರಕ್ಕೆ ಕಸುವಿಲ್ಲ ಎಂದರಂತೆ ನಿನ್ನ ಅತ್ತೆ. ಅದು ಬೀಗವಲ್ಲ, ಭಾಗ್ಯಾ. ಹಾಕಿದರೆ ಸಾವು ಒಳಗೆ ಬರುವುದಿಲ್ಲ ಎಂದು ಯಾರೂ ಹೇಳಿಲ್ಲ. ಇಟ್ಟುಕೊಂಡರೆ, ಕಳಿಸಿದರೆ ಎಂದು ಎರಡೂ ಅದರೊಳಗೇ ಇದೆ. ಕೈಯಿಂದ ಆಗುವುದನ್ನು ಮಾಡು, ಬಾಗಿಲು ಹಾಕು, ಪಾತ್ರೆ ಮುಚ್ಚು, ಹಾಸಿಗೆ ಕೊಡವು. ಆಗದ್ದನ್ನು ಅವನಿಗೆ ಒಪ್ಪಿಸು. ನಾನು ಕೈಯಿಂದ ಆಗುವುದನ್ನೇ ಬಿಟ್ಟೆ.

ಈಗ ರಾತ್ರಿ ನಾನು ವಜೂ ಮಾಡುತ್ತೇನೆ, ಮಲಗುತ್ತೇನೆ, ‘ಫರ್ಹಮ್‌ಹಾ’ ಎನ್ನುವಲ್ಲಿ ನಿಲ್ಲುತ್ತೇನೆ. ನನ್ನ ಜೀವಕ್ಕೆ ಕರುಣೆ ಕೇಳಲು ಬಾಯಿ ಬರುವುದಿಲ್ಲ. ಮುಬೀನಾ ತನ್ನ ಹಾಸಿಗೆ ಕೊಡವಿದ ಮೇಲೆ ಪಕ್ಕದ ಖಾಲಿ ಜಾಗವನ್ನೂ ಮೂರು ಸಲ ಕೊಡವುತ್ತಾಳೆ. ‘ಯಾಕವ್ವ?’ ಎಂದು ಕೇಳುವ ಧೈರ್ಯ ನನಗಿಲ್ಲ.

ಉತ್ತರ ಬರೆಯಲೇಬೇಕೆಂದಿಲ್ಲ. ಹಾಸಿಗೆ ಕೊಡವು.

ಜೈತೂನ್


ಹರಪನಹಳ್ಳಿ
5-10-1999

ಭಾಗ್ಯಾ,

ವರ್ಷ ತುಂಬಿದ ದಿನ ಕೋಗಳಿಯವರೆಗೆ ಬಂದಿದ್ದೆ. ಬಸ್ಸಿನಿಂದ ಇಳಿದು, ಬಸದಿಯ ಹತ್ತಿರ ಸ್ವಲ್ಪ ಹೊತ್ತು ನಿಂತು, ಅದೇ ಬಸ್ಸು ತಿರುಗಿ ಬಂದಾಗ ಹತ್ತಿದೆ. ನಿಮ್ಮ ಅಂಗಡಿಯ ಮುಂದೆ ಪ್ರವೀಣ ಆಡುತ್ತಿದ್ದ. ಎತ್ತರ ಆಗಿದ್ದಾನೆ. ಅವನನ್ನು ನೋಡಿ ಜೀವ ತಣ್ಣಗಾಯಿತು.

ಕೊಡವುತ್ತೀಯೋ ಇಲ್ಲವೋ, ಅಷ್ಟನ್ನಾದರೂ ಒಂದು ಕಾರ್ಡಿನಲ್ಲಿ ಬರೆ.

ಜೈತೂನ್


ಕೋಗಳಿ
16-7-2000

ಜೈತೂನ್,

ನಿನ್ನ ಫೆಬ್ರವರಿ ಕಾಗದ ಓದಿದ ದಿನ ನೀನು ಎದುರಿಗೆ ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ. ನಿನ್ನ ಹೆಸರು ಯಾರಾದರೂ ಎತ್ತಿದರೆ ಎದ್ದು ಒಳಗೆ ಹೋಗುತ್ತಿದ್ದೆ. ಬಸದಿಯ ಹತ್ತಿರ ನೀನು ನಿಂತದ್ದನ್ನೂ ನೋಡಿದೆ. ಕರೆಯಲಿಲ್ಲ. ಆ ಸಲ ಬೇಕೆಂದೇ ಕರೆಯಲಿಲ್ಲ.

ಆದರೆ ಆ ಫೆಬ್ರವರಿ ಕಾಗದ ಓದಿದ ದಿನದಿಂದಲೇ ಕೊಡವುತ್ತಿದ್ದೇನೆ. ಒಂದು ದಿನವೂ ಬಿಟ್ಟಿಲ್ಲ. ಮೊದಲ ದಿನ ಪ್ರವೀಣ ಹೆದರಿ ಕೈ ಹಿಂದೆ ಮುಚ್ಚಿಟ್ಟುಕೊಂಡ. ‘ಬಾರಪ್ಪ, ಅಕ್ಕ ಮಾಡಿದಂಗ ಮಾಡು’ ಅಂದೆ. ಅವನಿಗೆ ಲಂಗವಿಲ್ಲವಲ್ಲ, ನನ್ನ ಸೆರಗಿನ ತುದಿ ಹಿಡಿಸಿದೆ. ಅತ್ತೆ ಬಾಗಿಲಲ್ಲೇ ನಿಂತಿದ್ದರು. ‘ಏನದು?’ ಅಂದರು. ‘ನಿಮ್ಮ ಮೊಮ್ಮಗಳು ಕಲಿಸಿದ್ದು’ ಅಂದೆ. ಅವರು ಒಳಗೆ ಹೋದರು. ಕೆಲವು ದಿನದ ಮೇಲೆ ತಮ್ಮ ಕೋಣೆಯಿಂದ ಕೂಗಿದರು: ‘ಭಾಗ್ಯಾ, ನನ್ನ ಹಾಸಿಗಿನೂ ಕೊಡವು ಬಾ. ನನಗ ಬಗ್ಗಾಕ ಆಗವಲ್ದು.’ ಕೊಡವುವಾಗ ಗೋಡೆಗೆ ಮುಖ ಮಾಡಿ ಕೂತಿದ್ದರು. ಅಳುತ್ತಿದ್ದರು. ಆ ಕಾಗದ ಬರೆಸಿದ್ದನ್ನು ಅವರೂ ಹೊತ್ತುಕೊಂಡು ತಿರುಗುತ್ತಿದ್ದಾರೆ ಎಂದು ನನಗೆ ಅವತ್ತೇ ತಿಳಿದದ್ದು.

ನಿನ್ನ ಅರಬ್ಬಿ ನನ್ನ ನಾಲಿಗೆಗೆ ಬರುವುದಿಲ್ಲ, ಬೇಕೂ ಇಲ್ಲ. ಲಿಂಗ ಮುಟ್ಟಿಕೊಂಡು ನನ್ನ ಮಾತಿನಲ್ಲೇ ಹೇಳುತ್ತೇನೆ. ನಿನ್ನ ಆ ಸಾಲು ಎರಡು ತುಂಡಾಗಿದೆ ನೋಡು, ನನಗೆ ಮಕ್ಕಳೂ ಇಬ್ಬರು. ‘ಇಟ್ಟುಕೊಂಡಿದ್ದೀ, ಕರುಣೆ ಇರಲಿ’ ಎಂಬುದು ಅವಳಿಗೆ. ‘ಕಳಿಸಿಕೊಟ್ಟಿದ್ದೀ, ಕಾಪಾಡು’ ಎಂಬುದು ಇವನಿಗೆ. ಮೊದಲ ತುಂಡಿಗೆ ಬಂದಾಗ ನಾನೂ ಒಮ್ಮೆ ನಿಲ್ಲುತ್ತೇನೆ. ಆದರೂ ಹೇಳುತ್ತೇನೆ, ಅವಳಿಗೆಂದು ನಾನು ಮಾಡಬಹುದಾದ ಕೆಲಸ ಇನ್ನು ಅದೊಂದೇ ಉಳಿದಿರುವುದು. ನೀನು ನಿಲ್ಲುತ್ತೇನೆ ಎಂದ ಜಾಗವೂ ಅದೇ ಅಲ್ಲವೇ? ನಿನ್ನ ಜೀವಕ್ಕೆ ಕೇಳಲು ಬಾಯಿ ಬಾರದಿದ್ದರೆ ಅವಳ ಜೀವಕ್ಕೆ ಕೇಳು. ಅಲ್ಲಿ ನಿಲ್ಲಬೇಡ.

ನಾನಿ ಹೇಳಿದಂತೆ ಎದೆ ಕೊಡವಲೂ ನೋಡುತ್ತೇನೆ. ಒಬ್ಬೊಬ್ಬರ ಹೆಸರು ಹೇಳಿ ಬಿಟ್ಟೆ, ಬಿಟ್ಟೆ ಎನ್ನುತ್ತಾ ಬರುತ್ತೇನೆ. ಅತ್ತೆಯ ಹೆಸರು ದಾಟಿತು. ನಿನ್ನದು ಕೆಲವು ರಾತ್ರಿ ದಾಟುತ್ತದೆ, ಕೆಲವು ರಾತ್ರಿ ದಾಟುವುದಿಲ್ಲ. ನಿನ್ನೆ ದಾಟಲಿಲ್ಲ. ಸುಳ್ಳು ಬೇಡ ನಮ್ಮಿಬ್ಬರ ನಡುವೆ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಹೆಸರಾದ ಮೇಲೆ ಇನ್ನೊಂದು ಹೆಸರಿದೆ, ಆಗಸ್ಟಿನ ಕಾಗದ ಬರೆದವಳದು. ಅದು ಇನ್ನೂ ಒಂದು ರಾತ್ರಿಯೂ ದಾಟಿಲ್ಲ.

ನೀನು ಬರುವುದು ಈಗಲೇ ಬೇಡ. ನನಗೆ ಸಾಧ್ಯವಾದಾಗ ನಾನೇ ಕರೆಯುತ್ತೇನೆ. ಸಾಧ್ಯವಾಗದಿದ್ದರೆ ಅದನ್ನೂ ಬರೆದು ತಿಳಿಸುತ್ತೇನೆ.

ಮುಬೀನಾಗೆ ಮಾತ್ರ ಇವತ್ತೇ ಹೇಳು. ಪಕ್ಕದ ಜಾಗ ಖಾಲಿ ಇದ್ದರೂ ಕೊಡವುವುದನ್ನು ಬಿಡಬೇಡ ಎಂದು ಚೈತ್ರಾಳ ಅವ್ವ ಹೇಳಿದ್ದಾಳೆ ಅನ್ನು. ಅವಳ ಕೈ ಯಾರೂ ಹಿಡಿಯಬೇಡಿ.

ಭಾಗ್ಯ